ಹದಿನೇಳನೆಯ ಪೋರ್ಟ್

ಶುಕ್ರವಾರ ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಶಿಫ್ಟ್ ಮೇಲ್ವಿಚಾರಕ ಮಿಶಾರಿ ಮೂರು ಕಾಗದಗಳಿಗೆ ಸಹಿ ಹಾಕಿದ. ಮೊದಲನೆಯದು ಕೆಲಸದ ಪರ್ಮಿಟ್. ಎರಡನೆಯದು ‘ಕೆಲಸಕ್ಕೆ ಮುಂಚೆ’ ಎಂಬ ತಲೆಬರಹದ ಹಾಳೆ. ಮೂರನೆಯದು ‘ಕೆಲಸದ ನಂತರ’. ಆ ಮೂರನೆಯದಕ್ಕೆ ಸಹಿ ಬೀಳುವಾಗ ಕೆಲಸ ಇನ್ನೂ ಶುರುವಾಗಿರಲಿಲ್ಲ.

ಇದು ಯಾರೂ ಕದ್ದು ಮಾಡಿದ್ದಲ್ಲ. ಕುವೈತಿನ ಶುಐಬಾದ ಈ ಪೆಟ್ರೋಕೆಮಿಕಲ್ ಕಾರ್ಖಾನೆಯಲ್ಲಿ ನೆಟ್‌ವರ್ಕ್ ಕೆಲಸಕ್ಕೆ ಸಿಗುತ್ತಿದ್ದುದು ಶುಕ್ರವಾರದ ಬೆಳಗು ಮಾತ್ರ. ಹನ್ನೊಂದಕ್ಕೆ ಮಿಶಾರಿ ಜುಮ್ಮಾ ನಮಾಜಿಗೆ ಹೊರಡಬೇಕು, ಅಷ್ಟರಲ್ಲಿ ಪರ್ಮಿಟ್ ಮುಚ್ಚಬೇಕು. ಕಾರ್ಖಾನೆಯ ಎಂಜಿನಿಯರ್‌ಗೆ ಶುಕ್ರವಾರ ರಜೆ. ಹಾಗಾಗಿ ಅವನ ಸಹಿಯನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳುವುದು, ಮಿಶಾರಿಯದನ್ನು ಬೆಳಿಗ್ಗೆಯೇ ಒಟ್ಟಿಗೆ ತೆಗೆದುಕೊಳ್ಳುವುದು ವಾಡಿಕೆಯಾಗಿತ್ತು. ಅಂಕಿಗಳನ್ನು ಗುತ್ತಿಗೆದಾರ ಕಂಪನಿಯ ತಂತ್ರಜ್ಞರು ರಾಯ್ ಎಂಬ ಬಡಾವಣೆಯ ತಮ್ಮ ಕಚೇರಿಯಲ್ಲಿ ಮೊದಲೇ ತುಂಬುತ್ತಿದ್ದರು. ಈ ಸಲ ತುಂಬಿದವನು ಗುರುಸಿದ್ದ. ‘ಪೋರ್ಟ್‌ಗಳು: ಇಪ್ಪತ್ತನಾಲ್ಕೂ ಸರಿ. ಕಂಡ ಸಾಧನಗಳು: ಹತ್ತೊಂಬತ್ತು.’ ಬುಧವಾರ ಸಂಜೆ ಚಹಾ ಕುಡಿಯುತ್ತ ಬರೆದಿದ್ದ. ಐದು ವರ್ಷದಲ್ಲಿ ಇಂಥ ಹಾಳೆ ಎಷ್ಟು ತುಂಬಿದ್ದನೋ ಅವನಿಗೇ ನೆನಪಿರಲಿಲ್ಲ.

ಗುರುಸಿದ್ದ ಗದಗ ಕಡೆಯವನು, ಡಿಪ್ಲೊಮಾ ಓದಿದವನು, ಮೂವತ್ತಾರು ವಯಸ್ಸು. ಅವನ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಹುದ್ದೆ ‘ಸಹಾಯಕ ತಂತ್ರಜ್ಞ’ ಎಂದಿತ್ತು. ಆ ಹುದ್ದೆಗೆ, ಆ ಸಂಬಳಕ್ಕೆ ಹೆಂಡತಿ ಮಗಳಿಗೆ ವೀಸಾ ಸಿಗುತ್ತಿರಲಿಲ್ಲ. ಫಹಾಹೀಲಿನ ಒಂದು ಖಾಸಗಿ ಆಸ್ಪತ್ರೆ ಅವನನ್ನು ನೆಟ್‌ವರ್ಕ್ ಎಂಜಿನಿಯರ್ ಎಂದು ತೆಗೆದುಕೊಳ್ಳಲು ಒಪ್ಪಿತ್ತು. ಆ ಕೆಲಸಕ್ಕೆ ಫ್ಯಾಮಿಲಿ ವೀಸಾ ಸಿಗುತ್ತಿತ್ತು. ಈಗಿನ ಕಫೀಲ್, ಅಂದರೆ ವೀಸಾ ಕೊಟ್ಟ ಕಂಪನಿಯ ಕುವೈತಿ ಮಾಲೀಕ, ಬಿಡುಗಡೆಯ ಕಾಗದಕ್ಕೆ, ಇಲ್ಲಿ ಎಲ್ಲರೂ ‘ರಿಲೀಸ್’ ಎನ್ನುವ ಕಾಗದಕ್ಕೆ, ಸಹಿ ಹಾಕಬೇಕಿತ್ತು. ಆಸ್ಪತ್ರೆ ಕೊಟ್ಟ ಗಡುವು ಶನಿವಾರ. ಕಫೀಲ್ ಅದೇ ಶನಿವಾರ ನಸುಕಿಗೆ ವಿಮಾನ ಹತ್ತಿ ಒಂದು ತಿಂಗಳು ಹೊರಗೆ ಹೋಗುವವನಿದ್ದ. ಶುಐಬಾದ ನೆಟ್‌ವರ್ಕ್ ಸ್ವಿಚ್ ಕೆಲಸ ಮುಗಿದ ಹಾಳೆ ಫ್ಯಾಕ್ಸ್‌ನಲ್ಲಿ ಬಂದರೆ ಶುಕ್ರವಾರ ಸಂಜೆಯೇ ಸಹಿ ಹಾಕುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಅವನು ಹೇಳಿದ್ದ. ಕಾರ್ಖಾನೆಯ ವಾರ್ಷಿಕ ಗುತ್ತಿಗೆಯ ನವೀಕರಣ ಈ ಕೆಲಸದ ಮೇಲೆ ನಿಂತಿತ್ತು. ಕಫೀಲ್‌ನ ಈ ಮಾತನ್ನು ಗುರುಸಿದ್ದನಿಗೆ ತಲುಪಿಸಿದವರು ಸರ್ವಿಸ್ ಮ್ಯಾನೇಜರ್ ರೋಕ್ ಪಾಯಸ್. ಮಂಗಳೂರಿನ ಬಜ್ಪೆಯವರು, ಕುವೈತಿನಲ್ಲಿ ಹದಿನೆಂಟು ವರ್ಷ. ಕೆಟ್ಟವರಲ್ಲ. ರಿಲೀಸ್ ಕಾಗದವನ್ನು ಅವರೇ ಟೈಪ್ ಮಾಡಿಸಿ ಇಟ್ಟಿದ್ದರು.

ಉಪಕರಣ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಹೋದರೆ ಮತ್ತೆ ಒಳಗೆ ಬರಲು ಮಿಶಾರಿಯ ಕಾರ್ಡ್ ಬೇಕು, ಪರ್ಮಿಟ್ ಹಿಡಿದವನು ಅದು ಮುಚ್ಚುವವರೆಗೆ ಕೋಣೆ ಬಿಡುವಂತೆಯೂ ಇಲ್ಲ. ಮೊಬೈಲ್ ಗೇಟಿನ ಲಾಕರಿನಲ್ಲಿ. ಗೋಡೆಗೆ ಒಂದು ಟೆಲಿಫೋನ್, ಮೂಲೆಯಲ್ಲಿ ಪಿಸಿ, ಫ್ಯಾಕ್ಸ್ ಯಂತ್ರ, ಎರಡು ಏಸಿ, ನಾಲ್ಕು ಲೋಹದ ರ‍್ಯಾಕ್. ಮೂರನೆಯ ರ‍್ಯಾಕಿನಲ್ಲಿ ಆ ಸ್ವಿಚ್.

ಕಂಟ್ರೋಲ್ ರೂಮಿನ ಪರದೆಗಳಿಗೆ ಟ್ಯಾಂಕುಗಳ ಮಟ್ಟ, ಪಂಪುಗಳ ಸ್ಥಿತಿ ಮುಂತಾದ ಮಾಹಿತಿ ಬರುತ್ತಿದ್ದುದು ಈ ಸ್ವಿಚ್ ಮೂಲಕ. ಯಂತ್ರಗಳನ್ನು ನಡೆಸುವ ನಿಯಂತ್ರಣದ ತಂತಿಗಳು ಬೇರೆ, ಅದಕ್ಕೇ ಹತ್ತು ನಿಮಿಷ ಇದನ್ನು ನಿಲ್ಲಿಸಲು ಅನುಮತಿ ಸಿಕ್ಕಿತ್ತು. ಸ್ವಿಚ್‌ನ ಒಳಗಿನ ತಂತ್ರಾಂಶದಲ್ಲಿ, ಅಂದರೆ ಫರ್ಮ್‌ವೇರ್‌ನಲ್ಲಿ, ಒಂದು ದೋಷವಿತ್ತು: ಮೆಮೊರಿ ದಿನೇ ದಿನೇ ಸೋರಿಹೋಗಿ, ನಲವತ್ತು ದಿನಕ್ಕೊಮ್ಮೆ ಸ್ವಿಚ್ ತಾನೇ ಮರುಚಾಲನೆಯಾಗುತ್ತಿತ್ತು. ಹೊಸ ಆವೃತ್ತಿಯಲ್ಲಿ ಅದು ಸರಿಯಾಗಿದೆ ಎಂದು ತಯಾರಕರು ಬರೆದಿದ್ದರು.

ಗುರುಸಿದ್ದ ಲ್ಯಾಪ್‌ಟಾಪನ್ನು ಸ್ವಿಚ್‌ನ ಕನ್ಸೋಲ್‌ಗೆ ಜೋಡಿಸಿದ. ನೆಟ್‌ವರ್ಕ್ ಬಿದ್ದರೂ ಈ ತಂತಿಯಲ್ಲಿ ಸ್ವಿಚ್ ಮಾತಾಡುತ್ತದೆ. ಮೊದಲು ಸದ್ಯದ ಸ್ಥಿತಿಯನ್ನೆಲ್ಲ ಫೈಲಿಗೆ ಇಳಿಸಿದ: ಆವೃತ್ತಿ, ಪ್ರತಿ ಪೋರ್ಟಿನ ವೇಗ, ಯಾವ ಪೋರ್ಟಿನಲ್ಲಿ ಯಾವ ಸಾಧನದ ವಿಳಾಸ ಕಂಡಿದೆ ಎಂಬ ಪಟ್ಟಿ. ಓಡುತ್ತಿರುವ ಸೆಟ್ಟಿಂಗುಗಳ ಸಂರಚನೆಯನ್ನೂ ಉಳಿಸಿಟ್ಟ ಸಂರಚನೆಯನ್ನೂ ಹೋಲಿಸಿದ, ಎರಡೂ ಒಂದೇ ಇದ್ದವು. ಅದರ ಪ್ರತಿಯನ್ನು ಲ್ಯಾಪ್‌ಟಾಪಿಗೂ ಕೋಣೆಯ ಪಿಸಿಗೂ ಕಳಿಸಿದ. ವಿಎಲ್‌ಎಎನ್‌ಗಳ, ಅಂದರೆ ಒಳಗೇ ವಿಂಗಡಿಸಿದ ಜಾಲಗಳ, ಪಟ್ಟಿ ಈ ಸ್ವಿಚ್‌ನಲ್ಲಿ ಬೇರೆ ಫೈಲಿನಲ್ಲಿತ್ತು, ಹಲವರು ಮರೆಯುವ ಫೈಲು. ಅದನ್ನೂ ಕಳಿಸಿದ. ಆಮೇಲೆ ಪ್ರತಿಗಳನ್ನು ತೆರೆದು ಕೊನೆಯ ಸಾಲಿನವರೆಗೆ ಓದಿದ. ತೆರೆದು ನೋಡದ ಬ್ಯಾಕಪ್‌ ಇದ್ದೂ ಇಲ್ಲದ ಹಾಗೆ ಎಂಬುದನ್ನು ಅವನು ಮೀನಾ ಅಲ್ ಅಹ್ಮದಿಯ ಒಂದು ಕೆಲಸದಲ್ಲಿ ಕಲಿತಿದ್ದ.

ಸ್ವಿಚ್‌ನ ಫ್ಲ್ಯಾಶ್‌ನಲ್ಲಿ ಹದಿನಾರು ಎಂಬಿ ಜಾಗ. ಹಳೆಯ ಫರ್ಮ್‌ವೇರ್ ಆರು, ಬ್ರೌಸರ್ ಪುಟಗಳ ಫೈಲುಗಳಿಗೆ ನಾಲ್ಕು, ಹೊಸದಕ್ಕೆ ಬೇಕಾದದ್ದು ಏಳು. ಕಂಪನಿಯಲ್ಲಿ ಉಳಿದವರು ಹಳೆಯದನ್ನು ಅಳಿಸಿ ಅದರ ಮೇಲೆ ಹೊಸದನ್ನು ಹಾಕುತ್ತಿದ್ದರು, ಒಂದೇ ಆದೇಶದಲ್ಲಿ ಮುಗಿಯುತ್ತಿತ್ತು. ಹೊಸದು ಚಾಲೂ ಆಗದಿದ್ದರೆ ಕನ್ಸೋಲ್ ತಂತಿಯಲ್ಲಿ ಹಳೆಯದನ್ನು ಹನಿಹನಿಯಾಗಿ ತುಂಬಬೇಕು, ಮಾಮೂಲು ವೇಗದಲ್ಲಿ ಅದಕ್ಕೆ ಎರಡು ಗಂಟೆ. ಗುರುಸಿದ್ದ ಬ್ರೌಸರ್ ಪುಟಗಳನ್ನು ಅಳಿಸಿ ಎರಡೂ ಫರ್ಮ್‌ವೇರ್‌ಗಳಿಗೆ ಜಾಗ ಮಾಡಿದ. ಹೊಸ ಫೈಲು ಕೆಡದೆ ಬಂದಿದೆಯೇ ಎಂದು ತಿಳಿಸುವ ಚೆಕ್‌ಸಮ್ ತಯಾರಕರು ಕೊಟ್ಟ ಅಂಕಿಗೆ ತಾಳೆಯಾಯಿತು. ಮೊದಲು ಹೊಸದು, ಅದು ಸಿಗದಿದ್ದರೆ ಹಳೆಯದು ಎಂದು ಬೂಟ್ ಕ್ರಮ ಬರೆದು ಉಳಿಸಿದ. ಪರ್ಮಿಟ್‌ಗೆ ಲಗತ್ತಿಸಿದ್ದ ಯೋಜನೆಯಲ್ಲಿ ಅವನೇ ಒಂದು ಗಡಿ ಹಾಕಿದ್ದ: ಹತ್ತೂ ಕಾಲಿನ ಒಳಗೆ ಎಲ್ಲವೂ ಮೊದಲಿನಂತೆ ಆಗದಿದ್ದರೆ ಹಳೆಯದಕ್ಕೆ ಮರಳುವುದು.

ಒಂಬತ್ತೂ ಇಪ್ಪತ್ತೈದಕ್ಕೆ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ತಿಳಿಸಿ, ಮರುಚಾಲನೆ ಕೊಟ್ಟ. ನಾಲ್ಕು ನಿಮಿಷ ಪರದೆಯ ಮೇಲೆ ಸಾಲುಗಳು ಹರಿದವು. ಸ್ವಿಚ್ ಎದ್ದಿತು, ಆವೃತ್ತಿ ಹೊಸದು. ಒಂದೊಂದಾಗಿ ದೀಪಗಳು ಹಸಿರಾದವು, ಸಾಧನಗಳಿರುವ ಹತ್ತೊಂಬತ್ತೂ. ಮಿಶಾರಿ ಫೋನ್ ಮಾಡಿ, ಪರದೆಗಳೆಲ್ಲ ಬಂದವು, ಖಲಾಸ್ ತಾನೆ ಎಂದು ಕೇಳಿದ. ಇನ್ನೂ ಇಲ್ಲ, ಹೋಲಿಸಿ ನೋಡುತ್ತೇನೆ ಎಂದ ಗುರುಸಿದ್ದ.

ಹತ್ತೊಂಬತ್ತು ವಿಳಾಸಗಳು ಇರಬೇಕಿತ್ತು. ಹದಿನೆಂಟಿದ್ದವು.

ಇಲ್ಲದ್ದು ಹದಿನೇಳನೆಯ ಪೋರ್ಟಿನದು. ಅಲ್ಲಿ ನಾಲ್ಕನೆಯ ಟ್ಯಾಂಕಿನ ಮಟ್ಟ ಅಳೆಯುವ ಹಳೆಯ ಪೆಟ್ಟಿಗೆಯಿತ್ತು, ಸೆಕೆಂಡಿಗೆ ಹತ್ತು ಮೆಗಾಬಿಟ್, ಒಂದು ಸಲಕ್ಕೆ ಒಂದೇ ದಿಕ್ಕಿನ ಮಾತು. ಪೋರ್ಟಿನ ದೀಪ ಹಸಿರೇ. ಆದರೆ ಆ ಪೆಟ್ಟಿಗೆಯಿಂದ ಒಂದು ಸರಿಯಾದ ಪ್ಯಾಕೆಟ್ಟೂ ಒಳಗೆ ಬರುತ್ತಿರಲಿಲ್ಲ. ದೋಷದ ಎಣಿಕೆ ಮಾತ್ರ ಏರುತ್ತಿತ್ತು: ನಾನೂರು, ಆರುನೂರು, ಒಂಬೈನೂರು.

ಗುರುಸಿದ್ದ ಪೋರ್ಟನ್ನು ಮುಚ್ಚಿ ತೆರೆದ. ವೇಗವನ್ನು ತಾನಾಗಿ ಹೊಂದಿಸಿಕೊಳ್ಳಲು ಬಿಟ್ಟ, ಮತ್ತೆ ಹತ್ತಕ್ಕೆ ಕಟ್ಟಿದ. ಕೇಬಲ್ ಬದಲಿಸಿದ. ಮಿಶಾರಿಗೆ ತಿಳಿಸಿ ಪಂಪ್ ಘಟಕದ ಕೇಬಲ್ಲನ್ನು ಒಂದು ನಿಮಿಷ ತೆಗೆದು, ಆ ಪೋರ್ಟಿಗೆ ಈ ಪೆಟ್ಟಿಗೆಯನ್ನು ಹಾಕಿ ನೋಡಿದ. ಅಲ್ಲಿಯೂ ಹಾಗೇ. ಪಂಪ್ ಘಟಕ ಹದಿನೇಳರಲ್ಲಿ ಚೆನ್ನಾಗಿ ಓಡಿತು. ಪೋರ್ಟಿಗೂ ಕೇಬಲ್ಲಿಗೂ ರೋಗವಿರಲಿಲ್ಲ. ಹೊಸ ಫರ್ಮ್‌ವೇರ್‌ಗೂ ಆ ಹಳೆಯ ಪೆಟ್ಟಿಗೆಗೂ ಹೊಂದುತ್ತಿರಲಿಲ್ಲ. ಎರಡು ಕೇಬಲ್‌ಗಳನ್ನೂ ಮೊದಲಿದ್ದ ಜಾಗಕ್ಕೇ ಹಾಕಿದ.

ಆಮೇಲೆ ಕಂಟ್ರೋಲ್ ರೂಮಿಗೆ ಕರೆ ಮಾಡಿ ನಾಲ್ಕನೆಯ ಟ್ಯಾಂಕಿನ ಮಟ್ಟ ಎಷ್ಟು ತೋರಿಸುತ್ತಿದೆ ಎಂದು ಕೇಳಿದ. ಆರು ಮೀಟರ್ ನಲವತ್ತೆರಡು ಎಂದ ಮಿಶಾರಿ, ನಿರಾತಂಕವಾಗಿ. ಎರಡು ನಿಮಿಷ ಬಿಟ್ಟು ಮತ್ತೆ ಕೇಳಿದ. ಆರು ನಲವತ್ತೆರಡು. ಆ ಪರದೆಯ ತಂತ್ರಾಂಶ ಹಳೆಯದು, ಹೊಸ ಮಾಹಿತಿ ಬರದಿದ್ದರೆ ಕೊನೆಯ ಅಂಕಿಯನ್ನೇ ಹಿಡಿದುಕೊಂಡು ನಿಲ್ಲುತ್ತಿತ್ತು. ಟ್ಯಾಂಕಿನಿಂದ ಬೆಳಿಗ್ಗೆಯಿಂದ ಪಕ್ಕದ ಘಟಕಕ್ಕೆ ದ್ರವ ಹೋಗುತ್ತಿತ್ತು, ಮಧ್ಯಾಹ್ನ ಒಂದಕ್ಕೆ ಮತ್ತೆ ತುಂಬುವ ಕೆಲಸ. ತುಂಬಿ ಹರಿಯದಂತೆ ಟ್ಯಾಂಕಿನ ನೆತ್ತಿಯಲ್ಲಿ ಬೇರೆ ತಂತಿಯ ಎಚ್ಚರಿಕೆ ಇತ್ತು. ಅದೊಂದರ ಮೇಲೆ ಇಡೀ ಟ್ಯಾಂಕನ್ನು ಬಿಡುವುದು ಯಾವ ನಿಯಮದಲ್ಲಿಯೂ ಇರಲಿಲ್ಲ.

ಒಂಬತ್ತೂ ಐವತ್ತಕ್ಕೆ ಗೋಡೆಯ ಫೋನಿನಿಂದ ಕರೆದಾಗ ರೋಕ್ ಅವರ ಮೊಬೈಲ್ ಬಂದ್ ಆಗಿತ್ತು. ಕುವೈತಿನ ಕ್ರೈಸ್ತರಿಗೆ ಶುಕ್ರವಾರವೇ ಭಾನುವಾರ, ಆ ಹೊತ್ತಿಗೆ ಅವರು ಪೂಜೆಯಲ್ಲಿರುತ್ತಿದ್ದರು. ಹತ್ತೂ ಆರಕ್ಕೆ ಇಗರ್ಜಿಯ ಅಂಗಳದಿಂದ ಅವರೇ ಕೋಣೆಗೆ ಕರೆ ಮಾಡಿದರು. ಹಿಂದೆ ಮಕ್ಕಳ ಗದ್ದಲ. ಗುರುಸಿದ್ದ ಎಲ್ಲವನ್ನೂ ವರದಿಯಂತೆ ಹೇಳಿದ.

“ಲೈಟ್ ಹಸಿರು ಉಂಟಲ್ಲ?” ಎಂದರು ರೋಕ್.

“ಲೈಟ್ ಹಸರ ಐತ್ರಿ ಸರ. ಪೆಟಗಿ ಸತ್ತೈತಿ.”

ರೋಕ್ ಅಂಗಳದ ಮೂಲೆಗೆ ಸರಿದಿರಬೇಕು, ಗದ್ದಲ ಕಡಿಮೆಯಾಯಿತು. ಹಾಳೆಗೆ ಎಲ್ಲರ ಸಹಿಯಾಗಿದೆ, ಫ್ಯಾಕ್ಸ್ ಮಾಡು, ನಾಳೆ ಬೆಳಿಗ್ಗೆ ನಾನೇ ಬಂದು ಸ್ವಿಚ್ಚಿಗೂ ಆ ಪೆಟ್ಟಿಗೆಗೂ ನಡುವೆ ಹಬ್ ಎಂಬ ಸಣ್ಣ ಜೋಡಕವನ್ನು ಹಾಕಿ ಸರಿಮಾಡುತ್ತೇನೆ ಎಂದರು. ಅದು ಅಸಾಧ್ಯವಾದ ಉಪಾಯವೇನಲ್ಲ. ಆದರೆ ಹಬ್ ಇಲ್ಲಿರಲಿಲ್ಲ, ರಾಯ್‌ನಲ್ಲಿತ್ತು, ಗೇಟ್ ಪಾಸಿನಲ್ಲಿ ಹೆಸರಿಲ್ಲದ ಸಾಮಾನು ಶುಕ್ರವಾರ ಒಳಗೆ ಬರುತ್ತಿರಲಿಲ್ಲ. ನಾಳೆ ಬೆಳಗಿನವರೆಗೆ ಇಪ್ಪತ್ತು ಗಂಟೆಗೂ ಹೆಚ್ಚು. ಹಾಗಿದ್ದರೆ ಅಷ್ಟು ಹೊತ್ತು ಗಂಟೆಗೊಮ್ಮೆ ಆಳು ಹತ್ತಿ ಟೇಪಿನಿಂದ ಟ್ಯಾಂಕ್ ಅಳೆಯಲಿ ಎಂದು ಮಿಶಾರಿಗೆ ಹೇಳುತ್ತೇನೆ ಎಂದ ಗುರುಸಿದ್ದ.

“ಅವನಿಗೆ ಹೇಳಿದ್ರೆ ಅವನು ಲಾಗ್ ಬುಕ್ಕಲ್ಲಿ ಬರೀತಾನೆ ಮಾರಾಯ. ಬರೆದ ಮೇಲೆ ಈ ಹಾಳೆ ಎಂತಕ್ಕೆ? ಕಫೀಲ್ ಮುಂದೆ ನಾನು ಎಂತ ಇಡುದು?”

“ಹಂಗಾದ್ರ ಹಳೇದಕ್ಕ ಹೋಗತೀನ್ರಿ. ಹತ್ತೂಕಾಲ ಗಡಿ ನಾನ ಬರದೀನಿ.”

“ಗುರು, ಒಂದು ಕೇಳ್ತೇನೆ. ನೀನು ಆ ಅಡ್ರೆಸ್ ಲಿಸ್ಟ್ ನೋಡದೇ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?”

“ನೋಡೀನಲ್ರಿ.”

ರೋಕ್ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಲಭವಿತ್ತು. ನಿನ್ನ ಕಾಗದ ನನ್ನ ಬ್ಯಾಗಿನಲ್ಲೇ ಇದೆ, ಸಂಜೆ ಏಳಕ್ಕೆ ಕಫೀಲ್‌ನ ಮನೆಯ ಬೈಠಕ್ ಕೋಣೆಗೆ, ದಿವಾನಿಯಾಕ್ಕೆ, ಹೋಗುತ್ತೇನೆ, ಹಾಳೆ ಇಲ್ಲದೆ ಹೋದರೆ ಅವನು ಚಹಾ ಕುಡಿಸಿ ಕಳಿಸುತ್ತಾನೆ ಅಷ್ಟೇ ಎಂದು ನಿಧಾನವಾಗಿ ಹೇಳಿದರು. ಸುಳ್ಳು ಹೇಳು ಎನ್ನುತ್ತಿಲ್ಲ, ಒಂದು ದಿನ ಸುಮ್ಮನಿರು ಎನ್ನುತ್ತಿದ್ದೇನೆ ಎಂದೂ ಸೇರಿಸಿದರು. ಇನ್ನೇನು ಹೇಳಲಿ ನಿಂಗೆ ಎಂದು ಫೋನ್ ಇಟ್ಟರು.

ಹತ್ತೂ ಹನ್ನೆರಡು. ಗುರುಸಿದ್ದ ‘ಕೆಲಸದ ನಂತರ’ ಹಾಳೆಯನ್ನು ತೆಗೆದು ನೋಡಿದ. ಅದರಲ್ಲಿ ತಪ್ಪು ಬರೆದವನು ರೋಕ್ ಅಲ್ಲ, ಮಿಶಾರಿಯೂ ಅಲ್ಲ. ‘ಹತ್ತೊಂಬತ್ತು’ ಎಂಬುದು ಅವನದೇ ಅಕ್ಷರ, ಎರಡು ದಿನ ಹಳೆಯದು. ಅವನು ಏನೂ ಮಾಡಬೇಕಾಗಿರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಕನ್ಸೋಲ್ ತಂತಿ ಸುತ್ತಿ, ಹಾಳೆಯನ್ನು ಫ್ಯಾಕ್ಸ್ ಯಂತ್ರಕ್ಕೆ ಇಟ್ಟರೆ ಸಾಕು. ಏನಾದರೂ ಮಾಡಿದರೇ ಕೆಡುತ್ತಿತ್ತು. ಹೊರಗೆ ಹೋಗಿ ಒಂದು ಸುತ್ತು ಬರೋಣವೆಂದರೆ ಬಾಗಿಲ ಆಚೆ ಹೋದವನಿಗೆ ಮತ್ತೆ ಒಳಗೆ ದಾರಿಯಿಲ್ಲ. ದೋಷದ ಎಣಿಕೆ ಹನ್ನೊಂದು ಸಾವಿರ ದಾಟಿತ್ತು.

ಹತ್ತೂ ಹದಿನಾಲ್ಕಕ್ಕೆ ಕಂಟ್ರೋಲ್ ರೂಮಿಗೆ ಕರೆ ಮಾಡಿ, ನಾಲ್ಕನೆಯ ಟ್ಯಾಂಕಿನ ಅಂಕಿಯನ್ನು ನಂಬಬೇಡ, ಒಂಬತ್ತೂವರೆಯಿಂದ ಅದು ನಿಂತುಹೋಗಿದೆ, ಈಗ ಸ್ವಿಚ್ಚನ್ನು ಹಿಂದಿನದಕ್ಕೆ ಒಯ್ಯುತ್ತೇನೆ, ಇನ್ನೊಂದು ಸಲ ಪರದೆಗಳು ಹೋಗುತ್ತವೆ ಎಂದ.

ಹಿಂದಿರುಗುವುದು ಮುಂದೆ ಹೋದ ಕ್ರಮವನ್ನೇ ತಿರುಗಿಸಿದಂತಲ್ಲ. ಹೊಸ ಫರ್ಮ್‌ವೇರ್ ಸಂರಚನೆಯಲ್ಲಿ ತನ್ನದೇ ಸಾಲುಗಳನ್ನು ಸೇರಿಸಿರಬಹುದು, ಹಳೆಯದಕ್ಕೆ ಅವು ಅರ್ಥವಾಗುವುದಿಲ್ಲ. ಆದ್ದರಿಂದ ಬೆಳಿಗ್ಗೆ ತೆಗೆದ ಪ್ರತಿಯನ್ನೇ ಉಳಿಸಿದ ಸಂರಚನೆಯ ಜಾಗಕ್ಕೆ ಹಾಕಿದ. ಬೂಟ್ ಸಾಲು ಹಳೆಯ ಫರ್ಮ್‌ವೇರ್‌ಗೆ ಕೈ ತೋರಿಸುತ್ತಿದೆಯೇ ಎಂದು ಎರಡು ಸಲ ಓದಿದ. ಫ್ಲ್ಯಾಶ್‌ನಲ್ಲಿ ಆ ಫೈಲು ಇದೆಯೇ ಎಂದು ನೋಡಿದ. ಮರುಚಾಲನೆಯ ಆದೇಶ ಕೊಟ್ಟಾಗ, ಬದಲಾದ ಸಂರಚನೆಯನ್ನು ಉಳಿಸಲೇ ಎಂದು ಸ್ವಿಚ್ ಕೇಳಿತು. ಅಭ್ಯಾಸದ ಬೆರಳು ‘ಯೆಸ್’ ಒತ್ತಿದ್ದರೆ ಈಗಷ್ಟೇ ಹಾಕಿದ ಪ್ರತಿ ಅಳಿಸಿಹೋಗುತ್ತಿತ್ತು. ‘ನೋ’ ಎಂದು ಪೂರ್ತಿ ಟೈಪ್ ಮಾಡಿದ.

ನಾಲ್ಕು ನಿಮಿಷ. ಸ್ವಿಚ್ ಹಳೆಯ ಆವೃತ್ತಿಯಲ್ಲಿ ಎದ್ದಿತು. ವಿಳಾಸಗಳು ಒಂದೊಂದಾಗಿ ಕಂಡವು. ಹನ್ನೆರಡು, ಹದಿನಾರು, ಹದಿನೆಂಟು. ಸ್ವಲ್ಪ ತಡವಾಗಿ ಹದಿನೇಳನೆಯ ಪೋರ್ಟಿನದೂ ಬಂತು.

ಆಗ ಮಿಶಾರಿ ತಾನೇ ಕಾರ್ಡ್ ಉಜ್ಜಿ ಕೋಣೆಯ ಒಳಗೆ ಬಂದ. ಪರದೆಯಲ್ಲಿ ಆರು ನಲವತ್ತೆರಡು ಇದ್ದದ್ದು ಒಮ್ಮೆಲೇ ಆರು ಇಪ್ಪತ್ತೇಳಕ್ಕೆ ಇಳಿದದ್ದನ್ನು ಅವನು ಕಣ್ಣಾರೆ ನೋಡಿದ್ದ. ಮೊದಲು ಅವನು ಕೇಳಿದ್ದು ಟ್ಯಾಂಕಿನ ಬಗ್ಗೆಯಲ್ಲ, ತಾನು ಬೆಳಿಗ್ಗೆ ಸಹಿ ಹಾಕಿದ ಹಾಳೆ ಎಲ್ಲಿ ಎಂದು. ಗುರುಸಿದ್ದ ಕೊಟ್ಟ. ಮಿಶಾರಿ ಅದನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡ. ಇನ್ನು ಮೇಲೆ ನನ್ನ ಶಿಫ್ಟಿನಲ್ಲಿ ಮುಂಗಡ ಸಹಿ ಕೇಳಬೇಡ ಎಂದು ಹಿಂದಿಯಲ್ಲಿ ಗದರಿದ, ಅದು ಗುರುಸಿದ್ದನೊಬ್ಬನ ಬುದ್ಧಿ ಎಂಬಂತೆ. ಪರ್ಮಿಟ್‌ನ ಕೆಳಗೆ ‘ಕೆಲಸ ಪೂರ್ಣಗೊಂಡಿಲ್ಲ, ಹಿಂದಿನ ಸ್ಥಿತಿಗೆ ತರಲಾಗಿದೆ’ ಎಂದು ಬರೆದು, ಸಮಯ ಹಾಕಿ ಮುಚ್ಚಿದ. ಹತ್ತೂ ನಲವತ್ತು. ಬಾಗಿಲ ಬಳಿ ನಿಂತು, “ಭಾಯಿ, ಶುಕ್ರನ್” ಎಂದು ಧನ್ಯವಾದ ಹೇಳಿದ. ಮುಖ ಬಿಗಿದೇ ಇತ್ತು.

ಗುರುಸಿದ್ದ ಅದೇ ಪರ್ಮಿಟ್‌ನ ಪ್ರತಿಯನ್ನು ರಾಯ್‌ಗೆ ಫ್ಯಾಕ್ಸ್ ಮಾಡಿದ. ಜೊತೆಗೆ ಅರ್ಧ ಪುಟ: ದೋಷ ಯಾವುದು, ಏನೇನು ಪ್ರಯತ್ನಿಸಲಾಯಿತು, ಮರುಚಾಲನೆಯಿಂದ ಮೆಮೊರಿ ಖಾಲಿಯಾದ್ದರಿಂದ ಇನ್ನು ಮೂವತ್ತು ದಿನ ಸ್ವಿಚ್ ಸುರಕ್ಷಿತ, ಅಷ್ಟರಲ್ಲಿ ಹಬ್ ಇಟ್ಟು ಪರೀಕ್ಷಿಸಿ ಮತ್ತೆ ಪ್ರಯತ್ನಿಸಬಹುದು. ಕೊನೆಗೆ ಒಂದು ಸಾಲು: ಮುಂಗಡ ತುಂಬಿದ ಹಾಳೆಯಲ್ಲಿ ‘ಹತ್ತೊಂಬತ್ತು’ ಎಂದು ನಾನೇ ಬರೆದಿದ್ದೆ, ಅದು ಸುಳ್ಳಾಯಿತು.

ಕಂಪನಿಯ ವ್ಯಾನ್ ಬರುವುದು ಎರಡಕ್ಕೆ. ಗೇಟಿನಲ್ಲಿ ಮೊಬೈಲ್ ತೆಗೆದುಕೊಂಡು ಅವನು ಕಾವಲುಗಾರರ ಶೆಡ್ಡಿನ ನೆರಳಿನಲ್ಲಿ ಕುಳಿತ. ಹನ್ನೆರಡೂವರೆಗೆ ರೋಕ್ ಅವರ ಸಂದೇಶ ಬಂತು. ಫ್ಯಾಕ್ಸ್ ನೋಡಿದೆ, ಕಫೀಲ್‌ಗೆ ಕರೆ ಮಾಡಿದೆ, ತಿಂಗಳು ಬಿಟ್ಟು ನೋಡೋಣ ಎನ್ನುತ್ತಾನೆ, ಕೊನೆಯ ಸಾಲನ್ನು ಬರೆಯಬೇಕಾಗಿರಲಿಲ್ಲ. ಗುರುಸಿದ್ದ ಆಸ್ಪತ್ರೆಯ ಅಧಿಕಾರಿಗೆ ಕರೆ ಮಾಡಿ ಒಂದು ತಿಂಗಳು ಕಾಯಲು ಸಾಧ್ಯವೇ ಎಂದು ಕೇಳಿದ. ಆತ ವಿನಯದಿಂದಲೇ ಉತ್ತರಿಸಿದ. ಪಟ್ಟಿಯಲ್ಲಿ ಎರಡನೆಯ ಹೆಸರೊಂದಿದೆ, ನಾಳೆ ಮಧ್ಯಾಹ್ನ ಅವರನ್ನು ಕರೆಯುತ್ತೇವೆ.

ಗದಗಿನಲ್ಲಿ ಮೂರು ಗಂಟೆ ದಾಟಿತ್ತು. ಹೆಂಡತಿ ಕಾಂಚನಾ ಮೊದಲ ರಿಂಗಿಗೇ ಫೋನ್ ಎತ್ತಿದಳು, ಪಕ್ಕದಲ್ಲಿಟ್ಟುಕೊಂಡೇ ಕುಳಿತಿದ್ದಿರಬೇಕು. ಸಹಿ ಆತೇನ್ರಿ ಎಂದಳು.

ಗುರುಸಿದ್ದ ಸ್ವಿಚ್‌ನಿಂದ ಶುರುಮಾಡಿದ. ಹೊಸ ಫರ್ಮ್‌ವೇರ್ ಹಾಕಿದ್ದು, ಒಂದು ಪೆಟ್ಟಿಗೆ ಮಾತಾಡದೆ ಹೋದದ್ದು, ಹಳೆಯದಕ್ಕೆ ತಂದದ್ದು.

“ಏನೂ ಕೆಡಲಿಲ್ಲ” ಎಂದು ಮುಗಿಸಿದ. “ಎಲ್ಲಾ ಮೊದಲಿದ್ದಂಗ ಐತಿ.”

“ಮೊದಲಿದ್ದಂಗ ಐತಿ ಅಂದ್ರ,” ಎಂದಳು ಕಾಂಚನಾ, “ನಾವೂ ಮೊದಲಿದ್ದಂಗ ಅಂತ ತಿಳಕೋಬೇಕೇನ್ರಿ?”

ಅವನು ಹೌದು ಎಂದ.